ಬಾಯಿಗೆ ಉಷ್ಣ ಆದದ್ದಲ್ಲ

ನನ್ನ ದೊಡ್ಡಮ್ಮ ಊಟದೆಲೆಯಿಂದ ಮೊದಲು ದೂರ ಮಾಡಿದ್ದು ಅಪ್ಪೆಮಿಡಿ ಉಪ್ಪಿನಕಾಯಿಯನ್ನು. ಸಾಗರದ ಕಡೆಯ ಮನೆಯಲ್ಲಿ ಹುಟ್ಟಿ, ಅಂಥದ್ದೇ ಇನ್ನೊಂದು ಮನೆಗೆ ಸೊಸೆಯಾಗಿ ಹೋದ ಹೆಂಗಸು ಉಪ್ಪಿನಕಾಯಿ ಬೇಡ ಅಂದರೆ ಮನೆಯವರಿಗೆ ಸುಳಿವು ಸಿಗಬೇಕಿತ್ತು. ಸಿಗಲಿಲ್ಲ. ಒಂದು ತಿಂಗಳ ನಂತರ ಸಾರಿನ ಖಾರ ತಡೆಯುವುದಿಲ್ಲ ಅಂದರು. ಆಮೇಲೆ ಬಿಸಿ ಕಾಫಿ ನಾಲಿಗೆಗೆ ಚುರುಗುಟ್ಟುತ್ತದೆ ಅಂತ ಆರಿಸಿ ಕುಡಿಯತೊಡಗಿದರು. ಕೊನೆಗೆ ಎರಡು ಹೊತ್ತೂ ಮೊಸರನ್ನ, ಅದೂ ನಾಲ್ಕು ತುತ್ತು. "ಹಸಿವೇ ಇಲ್ಲ ಕಣೋ, ಬಾಯಿ ರುಚಿ ಸತ್ತುಹೋಗಿದೆ" ಅನ್ನುತ್ತಿದ್ದರು.

ಕಾರಣ ಹೇಳುವುದಕ್ಕೆ ಮನೆಯಲ್ಲಿ ಯಾರೂ ತಡಕಾಡಲಿಲ್ಲ. ಉಷ್ಣ. ನಮ್ಮಲ್ಲಿ ಬಾಯಿ ಉರಿಗೆ ಇರುವುದು ಆ ಒಂದೇ ಹೆಸರು. ಎಳನೀರು ಬಂತು, ನೆನೆಸಿದ ಮೆಂತ್ಯ ಬಂತು, ರಾತ್ರಿ ನಾಲಿಗೆಗೆ ತುಪ್ಪ ಸವರುವುದು ಬಂತು. ಎಲೆಅಡಿಕೆಗೆ ಸುಣ್ಣ ಹೆಚ್ಚಾಗಿರಬೇಕು ಎಂದು ದೊಡ್ಡಪ್ಪ ಕವಳದ ತಟ್ಟೆಯನ್ನೇ ಎತ್ತಿಟ್ಟರು. ಪೇಟೆಯ ಮೆಡಿಕಲ್ ಸ್ಟೋರಿನವರು ಬಾಯಿ ಹುಣ್ಣಿಗೆ ಕೊಡುವ ಬಿ ಕಾಂಪ್ಲೆಕ್ಸ್ ಕೊಟ್ಟರು. ಹತ್ತು ದಿನ ಸ್ವಲ್ಪ ಪರವಾಗಿಲ್ಲ ಅನ್ನಿಸಿ, ನಿಲ್ಲಿಸಿದ ಮೇಲೆ ಮತ್ತೆ ಮೊದಲಿನ ಹಾಗೇ ಆಯಿತು.

ಅಷ್ಟರಲ್ಲಿ ಕಾಲು ಜುಮುಗುಡಲು ಶುರುವಾಗಿತ್ತು. ಕೂತು ಕೂತು ಜೋಮು ಹಿಡಿದಂತೆ, ಆದರೆ ಕೊಡವಿದರೆ ಹೋಗದ ಜೋಮು. ಎರಡೂ ಪಾದದಲ್ಲಿ, ಒಂದೇ ಸಮ. ಅವರಿಗೆ ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಹಾಗಾಗಿ ಈ ಜೋಮಿಗೂ ಹೆಸರು ಹುಡುಕಬೇಕಾಗಲಿಲ್ಲ. ಶುಗರ್ ಇದ್ದವರಿಗೆ ಕಾಲು ಜೋಮು ಸಹಜ ಅಂತ ಎಲ್ಲರೂ ಒಪ್ಪಿಕೊಂಡೆವು. ಬಾಯಿಯದ್ದು ಉಷ್ಣ, ಕಾಲಿನದ್ದು ಶುಗರ್, ಹಸಿವಿನದ್ದು ವಯಸ್ಸು. ಮೂರು ತೊಂದರೆಗೆ ಮೂರು ಕಾರಣ ಹೇಳಿ ಮುಗಿಸಿದ್ದೆವು. ಅವು ಮೂರೂ ಒಂದೇ ಎಂದು ನಮಗೆ ಹೊಳೆಯಲು ಏಳು ತಿಂಗಳು ಬೇಕಾಯಿತು.

ಅದನ್ನು ಕಂಡುಹಿಡಿದದ್ದು ಪೇಟೆಯ ಒಬ್ಬ ಹಿರಿಯ ವೈದ್ಯರು. ದೊಡ್ಡಮ್ಮ ಹೋಗಿದ್ದು ಮಾಮೂಲಿ ಶುಗರ್ ತೋರಿಸಲು. ಮಾತಿನ ನಡುವೆ ಊಟ ಸೇರುತ್ತಿಲ್ಲ ಅಂದದ್ದಕ್ಕೆ ಅವರು "ನಾಲಿಗೆ ಚಾಚಿ ಅಮ್ಮಾ" ಅಂದರು. ಪಕ್ಕದಲ್ಲಿದ್ದ ನಾನೂ ಅವತ್ತೇ ಆ ನಾಲಿಗೆಯನ್ನು ಸರಿಯಾಗಿ ನೋಡಿದ್ದು. ಹಸಿ ಬೀಟ್‌ರೂಟ್ ಹೋಳಿನಂತೆ ಕೆಂಪು, ಮತ್ತು ನುಣುಪು. ಕನ್ನಡಿಯಲ್ಲಿ ನಮ್ಮ ನಿಮ್ಮ ನಾಲಿಗೆ ನೋಡಿದರೆ ಮೇಲ್ಮೈ ತುಂಬ ಟವೆಲ್ಲಿನ ಎಳೆಗಳಂತೆ ಸಣ್ಣ ಸಣ್ಣ ಮೊಗ್ಗುಗಳು ಎದ್ದಿರುತ್ತವೆ. ದೊಡ್ಡಮ್ಮನ ನಾಲಿಗೆಯ ಅಂಚಿನಲ್ಲಿ, ತುದಿಯಲ್ಲಿ ಅವು ಇರಲೇ ಇಲ್ಲ. ನೀರು ಹಾಕಿ ತಿಕ್ಕಿದ ಕಲ್ಲಿನಂತೆ ಹೊಳೆಯುತ್ತಿತ್ತು. ಹುಣ್ಣು ಒಂದೂ ಇರಲಿಲ್ಲ. ಹುಣ್ಣಿಲ್ಲದ ಉರಿ ಎನ್ನುವುದೇ ವೈದ್ಯರಿಗೆ ಬೇಕಾಗಿದ್ದ ಸುಳಿವು.

"ಹಾಲು, ಮೊಸರು ಎಷ್ಟು ತಗೋತೀರಿ?" ಎಂಬುದು ಅವರ ಮುಂದಿನ ಪ್ರಶ್ನೆ. ಇಡೀ ಕಥೆಯ ಗಂಟು ಇರುವುದು ಆ ಪ್ರಶ್ನೆಯಲ್ಲೇ.

ಬಿ12 ಎಂದು ನಾವು ಕರೆಯುವ ಜೀವಸತ್ವದ ರಾಸಾಯನಿಕ ಹೆಸರು ಕೋಬಾಲಮಿನ್. ಅದರ ನಡುಮಧ್ಯೆ ಕೋಬಾಲ್ಟ್ ಎಂಬ ಲೋಹದ ಒಂದು ಪರಮಾಣು ಕೂತಿದೆ, ಅದಕ್ಕೇ ಆ ಹೆಸರು. ಇದನ್ನು ಯಾವ ಗಿಡವೂ ತಯಾರಿಸುವುದಿಲ್ಲ. ಪ್ರಾಣಿಗಳೂ ತಯಾರಿಸುವುದಿಲ್ಲ. ತಯಾರಿಸುವುದು ಬ್ಯಾಕ್ಟೀರಿಯಾ ಮತ್ತು ಅಂಥವೇ ಕೆಲವು ಸೂಕ್ಷ್ಮಜೀವಿಗಳು ಮಾತ್ರ. ಹಸುವಿನ ಮೊದಲ ಹೊಟ್ಟೆಯಲ್ಲಿ, ಮೆಲುಕಿಗೆ ಮುಂಚೆ ಹುಲ್ಲು ನೆನೆಯುವ ಆ ದೊಡ್ಡ ಚೀಲದಲ್ಲಿ, ಕೋಟ್ಯಂತರ ಬ್ಯಾಕ್ಟೀರಿಯಾಗಳು ಹುಲ್ಲಿನ ಜೊತೆ ಬಂದ ಕೋಬಾಲ್ಟನ್ನು ಬಳಸಿ ಬಿ12 ಮಾಡುತ್ತವೆ. ಹಸು ಅದನ್ನು ಹೀರಿಕೊಳ್ಳುತ್ತದೆ, ಅದರ ಒಂದಂಶ ಹಾಲಿಗೆ ಇಳಿಯುತ್ತದೆ. ಮೊಟ್ಟೆ, ಮೀನು, ಮಾಂಸ ಮುಟ್ಟದ ಮನೆಗೆ ಬಿ12 ಬರುವ ದಾರಿ ಅದೊಂದೇ, ಕೊಟ್ಟಿಗೆಯ ದಾರಿ. ಸೊಪ್ಪು, ತರಕಾರಿ, ಬೇಳೆ, ಕಾಳು, ರಾಗಿ, ಹಣ್ಣು ಎಷ್ಟು ತಿಂದರೂ ಈ ಒಂದು ವಿಷಯದಲ್ಲಿ ಲೆಕ್ಕ ಸೊನ್ನೆ.

ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಸುಮಾರು 2ರಿಂದ 2.5 ಮೈಕ್ರೋಗ್ರಾಂ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಎರಡು ಪಾಲು, ಕಣ್ಣಿಗೆ ಕಾಣದಷ್ಟು. ನೂರು ಮಿಲಿ ಹಸುವಿನ ಹಾಲಿನಲ್ಲಿ ಇರುವುದು ಸುಮಾರು 0.4 ಮೈಕ್ರೋಗ್ರಾಂ. ಅಂದರೆ ಅರ್ಧ ಲೀಟರು ಹಾಲನ್ನೋ ಅಷ್ಟೇ ಹಾಲಿನ ಮೊಸರನ್ನೋ ದಿನವೂ ತೆಗೆದುಕೊಂಡರೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಹಾಲನ್ನು ಮತ್ತೆ ಮತ್ತೆ ಕಾಯಿಸಿದರೆ ಅದರಲ್ಲೂ ಒಂದಷ್ಟು ನಷ್ಟ.

ಈಗ ದೊಡ್ಡಮ್ಮನ ದಿನ ನೋಡಿ. ಬೆಳಿಗ್ಗೆ, ಮಧ್ಯಾಹ್ನ ಒಂದೊಂದು ಲೋಟ ಕಾಫಿ, ತಲಾ ಅರವತ್ತು ಮಿಲಿ ಹಾಲು. ಮಧ್ಯಾಹ್ನ ಊಟಕ್ಕೆ ತಂಬುಳಿ, ರಾತ್ರಿ ನೀರು ಮಜ್ಜಿಗೆ. ಎರಡರಲ್ಲೂ ಸೇರಿ ನಿಜವಾದ ಮೊಸರು ಐವತ್ತು ಮಿಲಿ ಇದ್ದರೆ ಹೆಚ್ಚು. ಒಟ್ಟು ನೂರ ಎಪ್ಪತ್ತು ಮಿಲಿ, ಅಂದರೆ ಸುಮಾರು 0.7 ಮೈಕ್ರೋಗ್ರಾಂ. ಬೇಕಾದದ್ದರ ಮೂರರಲ್ಲೊಂದು ಪಾಲು. "ನಾವು ಹಾಲು ಮಜ್ಜಿಗೆ ಇಲ್ಲದೆ ಊಟವೇ ಮಾಡುವವರಲ್ಲ" ಎಂದು ಅವರು ವೈದ್ಯರಿಗೆ ಹೇಳಿದ್ದು ಸುಳ್ಳಲ್ಲ. ಆದರೆ ಮಜ್ಜಿಗೆ ದಿನವೂ ಎಲೆಗೆ ಬೀಳುವುದು ಬೇರೆ, ಅದರೊಳಗೆ ಮೊಸರು ಎಷ್ಟಿದೆ ಎನ್ನುವುದು ಬೇರೆ.

ಹಾಗಾದರೆ ಈ ತೊಂದರೆ ಮೊದಲೇ ಯಾಕೆ ಬರಲಿಲ್ಲ? ಆ ಮನೆಯ ಕೊಟ್ಟಿಗೆಯಲ್ಲಿ ಆರು ವರ್ಷದ ಹಿಂದಿನವರೆಗೂ ಮೂರು ಹಸುಗಳಿದ್ದವು. ಕೆಲಸಕ್ಕೆ ಜನ ಸಿಗದೆ, ಮಕ್ಕಳು ಬೆಂಗಳೂರು ಸೇರಿ, ಕೊನೆಗೆ ಹಸುಗಳನ್ನು ಕೊಟ್ಟುಬಿಟ್ಟರು. ಅಲ್ಲಿಯವರೆಗೆ ಬೆಳಿಗ್ಗೆ ದೊಡ್ಡ ಲೋಟದ ಹಾಲು, ಊಟಕ್ಕೆ ಗಟ್ಟಿ ಮೊಸರು ಎರಡೂ ಇತ್ತು. ಆಮೇಲೆ ಅರ್ಧ ಲೀಟರಿನ ಒಂದು ಪ್ಯಾಕೆಟ್ ಇಬ್ಬರಿಗೆ, ಬಂದುಹೋಗುವವರ ಕಾಫಿಗೆ, ಹೆಪ್ಪಿಗೆ. ಬಿ12 ಉಳಿದ ಹಲವು ಜೀವಸತ್ವಗಳಂತಲ್ಲ. ಮೈ ಅದನ್ನು ಲಿವರಿನಲ್ಲಿ ಕೂಡಿಟ್ಟುಕೊಳ್ಳುತ್ತದೆ, ತುಂಬಿದ ದಾಸ್ತಾನು 2ರಿಂದ 5 ಮಿಲಿಗ್ರಾಂ ತನಕ ಇರಬಹುದು. ಖರ್ಚು ದಿನಕ್ಕೆ ಕೆಲವೇ ಮೈಕ್ರೋಗ್ರಾಂ ಆದ್ದರಿಂದ ಆದಾಯ ನಿಂತರೂ ದಾಸ್ತಾನು ವರ್ಷಗಟ್ಟಲೆ ಎಳೆಯುತ್ತದೆ. ಹಸು ಹೋದ ವರ್ಷ ಏನೂ ಆಗಲಿಲ್ಲ, ಮರುವರ್ಷವೂ ಆಗಲಿಲ್ಲ. ಆರನೆಯ ವರ್ಷ ನಾಲಿಗೆ ಉರಿಯಿತು. ಅಷ್ಟು ಹೊತ್ತಿಗೆ ಯಾರೂ ಹಸುವಿಗೂ ನಾಲಿಗೆಗೂ ಗಂಟು ಹಾಕುವುದಿಲ್ಲ.

ಇದರ ಜೊತೆ ಇನ್ನೊಂದು ಸೋರಿಕೆ ಇತ್ತು. ಸಕ್ಕರೆ ಕಾಯಿಲೆಗೆ ಅವರು ನುಂಗುತ್ತಿದ್ದ ಮೆಟ್‌ಫಾರ್ಮಿನ್. ಒಳ್ಳೆಯ ಔಷಧ, ಅದನ್ನು ದೂರುತ್ತಿಲ್ಲ. ಆದರೆ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಅದು ಕರುಳು ಬಿ12 ಹೀರಿಕೊಳ್ಳುವುದನ್ನು ತಗ್ಗಿಸುತ್ತದೆ. ಗ್ಯಾಸ್ಟ್ರಿಕ್‌ಗೆಂದು ತಿಂಗಳುಗಟ್ಟಲೆ ನುಂಗುವ ಆಸಿಡ್ ಮಾತ್ರೆಗಳದ್ದೂ ಇದೇ ಕಥೆ, ಯಾಕೆಂದರೆ ಆಹಾರದ ಪ್ರೋಟೀನಿಗೆ ಅಂಟಿಕೊಂಡಿರುವ ಬಿ12 ಬಿಡಿಸಿಕೊಳ್ಳುವುದೇ ಹೊಟ್ಟೆಯ ಆಮ್ಲದಿಂದ. ಬಿಡಿಸಿಕೊಂಡದ್ದನ್ನು ಜಠರವೇ ಸ್ರವಿಸುವ ಇನ್ನೊಂದು ಪ್ರೋಟೀನು ಕೈಹಿಡಿದು ಸಣ್ಣ ಕರುಳಿನ ಕೊಟ್ಟಕೊನೆಯ ಭಾಗದವರೆಗೆ ಕರೆದೊಯ್ಯಬೇಕು. ಅಲ್ಲಿ ಮಾತ್ರ ಅದಕ್ಕೆ ಬಾಗಿಲು. ಆ ಬಾಗಿಲು ಒಂದು ಊಟಕ್ಕೆ ಒಂದೂವರೆ ಎರಡು ಮೈಕ್ರೋಗ್ರಾಂಗಿಂತ ಹೆಚ್ಚು ಒಳಬಿಡುವುದಿಲ್ಲ. ಈ ವಿಷಯ ಚಿಕಿತ್ಸೆಯ ಮಾತಿನಲ್ಲಿ ಮತ್ತೆ ಬೇಕಾಗುತ್ತದೆ.

ನಾಲಿಗೆಯೇ ಯಾಕೆ ಮೊದಲು? ಮೈಯಲ್ಲಿ ಬೇಗ ಬೇಗ ಸವೆದು ಬೇಗ ಬೇಗ ಹುಟ್ಟುವ ಜೀವಕೋಶಗಳಿಗೆ ಬಿ12 ಇಲ್ಲದ ಬಿಸಿ ಮೊದಲು ತಾಗುತ್ತದೆ. ಹೊಸ ಕೋಶ ಹುಟ್ಟಬೇಕಾದರೆ ಡಿಎನ್‌ಎಯ ಇನ್ನೊಂದು ಪ್ರತಿ ತಯಾರಾಗಬೇಕು. ಅದಕ್ಕೆ ಫೋಲಿಕ್ ಆಮ್ಲ ಬೇಕು, ಮತ್ತು ಆ ಫೋಲಿಕ್ ಆಮ್ಲವನ್ನು ಕೆಲಸಕ್ಕೆ ಬರುವ ರೂಪಕ್ಕೆ ತಿರುಗಿಸಲು ಬಿ12 ಬೇಕು. ಅದಿಲ್ಲದಿದ್ದರೆ ಕೋಶ ದೊಡ್ಡದಾಗುತ್ತದೆಯೇ ಹೊರತು ಎರಡಾಗಿ ಒಡೆಯುವುದಿಲ್ಲ. ನಾಲಿಗೆಯ ಮೇಲ್ಪದರ ಕೆಲವೇ ದಿನಗಳಿಗೊಮ್ಮೆ ಹೊಸದಾಗುವಂಥದ್ದು. ಅನ್ನ, ಖಾರ, ಬಿಸಿಗೆ ಸವೆದದ್ದು ಮರಳಿ ಬೆಳೆಯದೆ ಮೊಗ್ಗುಗಳು ಉದುರುತ್ತವೆ, ಒಳಗಿನ ಕೆಂಪು ಹೊರಗೆ ಕಾಣುತ್ತದೆ. ಖಾರ ತಾಗುವುದು ಆ ಬೆತ್ತಲೆ ಪದರಕ್ಕೆ. ಮೊಗ್ಗಿನ ಜೊತೆ ರುಚಿಯೂ ಹೋಗುತ್ತದೆ. ಹೊಟ್ಟೆ ಕರುಳಿನ ಒಳಪದರವೂ ಹೀಗೇ ಬೇಗ ಹೊಸದಾಗುವಂಥದ್ದು, ಅದೂ ಸೊರಗುತ್ತದೆ. ಹಸಿವಿಲ್ಲ ಎಂಬ ದೂರು ಬರೀ ಬಾಯಿಯದ್ದಲ್ಲ. ಹಸಿವಿಲ್ಲವೆಂದು ಮೊಸರೂ ಕಡಿಮೆಯಾಗುತ್ತದೆ, ಇದ್ದೊಂದು ದಾರಿಯೂ ಮುಚ್ಚಿಕೊಳ್ಳುತ್ತಾ ಬರುತ್ತದೆ.

ನರದ ಕಥೆ ಬೇರೆ. ನರದೆಳೆಯ ಮೇಲೆ ವೈರಿಗೆ ಪ್ಲಾಸ್ಟಿಕ್ ಹೊದಿಸಿದ ಹಾಗೆ ಕೊಬ್ಬಿನ ಒಂದು ಕವಚ ಇದೆ, ಮಯಲಿನ್ ಅನ್ನುತ್ತಾರೆ. ಬಿ12 ಸಾಲದಾದಾಗ ಆ ಕವಚ ಅಲ್ಲಲ್ಲಿ ಊದಿ, ಬಿರಿದು, ಕಳಚುತ್ತದೆ. ಹೆಚ್ಚು ಉದ್ದದ ನರಗಳಿಗೆ ಪೆಟ್ಟು ಮೊದಲು, ಅದಕ್ಕೇ ಪಾದದಿಂದ ಶುರು. ಬೆನ್ನುಹುರಿಯ ಹಿಂಭಾಗದಲ್ಲಿ ಕಾಲಿನ ಸುದ್ದಿಯನ್ನು ಮಿದುಳಿಗೆ ಒಯ್ಯುವ ಎರಡು ಕಂಬಗಳಿವೆ. ಬೆರಳು ಮೇಲಕ್ಕಿದೆಯೋ ಕೆಳಕ್ಕಿದೆಯೋ, ನೆಲ ಅದುರುತ್ತಿದೆಯೋ ಎಂಬಂಥ ಸುದ್ದಿ. ಅವೂ ಕೆಡುತ್ತವೆ. ಆಗ ರೋಗಿ ಹೇಳುವ ಮಾತುಗಳು ಹೆಚ್ಚುಕಡಿಮೆ ಒಂದೇ: ಹತ್ತಿಯ ಮೇಲೆ ನಡೆದಂತೆ ಆಗುತ್ತದೆ, ಚಪ್ಪಲಿ ಕಾಲಿನಿಂದ ಜಾರಿ ಹಿಂದೆ ಉಳಿದರೂ ಗೊತ್ತಾಗುವುದಿಲ್ಲ. ದೊಡ್ಡಮ್ಮ ಎರಡನೆಯದನ್ನು ಹೇಳಿದ್ದರು, ನಾವು ನಕ್ಕಿದ್ದೆವು. ಅದನ್ನು ನೆನೆದರೆ ಈಗಲೂ ಹೊಟ್ಟೆ ಚುರುಕ್ ಅನ್ನುತ್ತದೆ.

ವೈದ್ಯರು ಟ್ಯೂನಿಂಗ್ ಫೋರ್ಕ್ ತೆಗೆದರು. ಶಾಲೆಯ ಪ್ರಯೋಗಾಲಯದಲ್ಲಿ ನೋಡಿರುತ್ತೀರಿ, ಎರಡು ಕವಲಿನ ಉಕ್ಕಿನ ಕಡ್ಡಿ. ಸೆಕೆಂಡಿಗೆ 128 ಸಲ ಕಂಪಿಸುವಂಥದ್ದು. ಅದನ್ನು ತಟ್ಟಿ ಹಣೆಯ ಮೂಳೆಗೆ ಇಟ್ಟರು. "ಗುಂಯ್ ಅಂತದೆ" ಅಂದರು ದೊಡ್ಡಮ್ಮ. ಕಾಲಿನ ಹೆಬ್ಬೆರಳ ಬುಡಕ್ಕೆ ಇಟ್ಟರು. "ತಣ್ಣಗಿದೆ, ಅಷ್ಟೇ." ಹರಡಿನ ಮೂಳೆಗೆ ಇಟ್ಟರು. ಅಲ್ಲೂ ಬರೀ ತಣ್ಣಗೆ. ಮಂಡಿಚಿಪ್ಪಿಗೆ ಬಂದಾಗ "ಹ್ಞಾಂ, ಈಗ ಗುಂಯ್" ಅಂದರು. ಆಮೇಲೆ ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಲು ಹೇಳಿದರು. ಕಣ್ಣು ಬಿಟ್ಟಾಗ ನೆಟ್ಟಗೆ ನಿಂತಿದ್ದವರು ಮುಚ್ಚಿದೊಡನೆ ವಾಲಿದರು, ನರ್ಸ್ ಹಿಡಿದುಕೊಂಡರು. "ಬಚ್ಚಲಲ್ಲಿ ಮುಖಕ್ಕೆ ಸೋಪು ಹಾಕಿದಾಗ ಗೋಡೆ ಹಿಡಿದುಕೊಳ್ತೀರಾ?" ಎಂದು ವೈದ್ಯರು ಕೇಳಿದಾಗ ದೊಡ್ಡಮ್ಮ ಬೆರಗಾಗಿ ಅವರನ್ನೇ ನೋಡಿದರು. ಅದನ್ನು ಅವರು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಕಾಲು ಕಳುಹಿಸುವ ಸುದ್ದಿ ನಿಂತುಹೋದವರು ಕಣ್ಣಿನ ಆಧಾರದಲ್ಲಿ ನಿಲ್ಲುತ್ತಾರೆ. ಸೋಪಿಗೆ ಕಣ್ಣು ಮುಚ್ಚಿದ ಕ್ಷಣ ಆ ಆಧಾರವೂ ತಪ್ಪುತ್ತದೆ.

ಸಕ್ಕರೆ ಕಾಯಿಲೆಯೂ ಪಾದದಲ್ಲಿ ಜೋಮು ತರುತ್ತದೆ, ನಿಜ. ಆದರೆ ಅದು ನಾಲಿಗೆಯನ್ನು ಹೀಗೆ ನುಣುಪು ಮಾಡುವುದಿಲ್ಲ. ಅವರ ಮೂರು ತಿಂಗಳ ಸರಾಸರಿ ಸಕ್ಕರೆ ಕೂಡ ಹತೋಟಿಯಲ್ಲಿತ್ತು. ಮಂಡಿಯ ಕೆಳಗೆ ಸುತ್ತಿಗೆಯಲ್ಲಿ ತಟ್ಟಿದರೆ ಕಾಲು ಮಾಮೂಲಿಗಿಂತ ಜೋರಾಗಿ ಚಿಮ್ಮಿತು. ಬರೀ ಕಾಲಿನ ನರ ಕೆಟ್ಟಿದ್ದರೆ ಅದು ಮಂದವಾಗಬೇಕಿತ್ತು. ಬೆನ್ನುಹುರಿಗೂ ತಾಗಿದೆ ಎನ್ನುವುದು ಅದರಿಂದ ತಿಳಿಯಿತು.

ಇನ್ನೊಂದನ್ನು ಅವರು ಕೈ ಹಿಡಿದು ತೋರಿಸಿದರು. ಬೆರಳ ಗಿಣ್ಣುಗಳ ಮೇಲಿನ ಚರ್ಮ ಸುತ್ತಲಿನದಕ್ಕಿಂತ ಎದ್ದು ಕಾಣುವಷ್ಟು ಕಪ್ಪಾಗಿತ್ತು. ಅಡಿಕೆ ಸುಲಿಯುವ ಕೈ, ಚೊಗರಿನ ಕಲೆ ಅಂದುಕೊಂಡಿದ್ದೆವು. ಬಿ12 ಕೊರತೆಯಲ್ಲಿ ಗಿಣ್ಣು ಕಪ್ಪಾಗುವುದನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಬೇಕರ್ ಮತ್ತು ಸಂಗಡಿಗರು 1963ರಷ್ಟು ಹಿಂದೆಯೇ ಬರೆದಿಟ್ಟಿದ್ದಾರೆ. ಇದೇ ವೆಲ್ಲೂರಿನಿಂದ ಅದರ ಹಿಂದಿನ ವರ್ಷ ಬಂದ ಇನ್ನೊಂದು ವರದಿ ನನ್ನನ್ನು ಹೆಚ್ಚು ಕಾಡುತ್ತದೆ. ಬಿ12 ಕಡಿಮೆಯಿದ್ದ ತಾಯಂದಿರ ಎದೆಹಾಲನ್ನೇ ನಂಬಿದ ಕೂಸುಗಳು ಮಂಕಾಗಿ, ಆಡುವುದನ್ನು ಬಿಟ್ಟು, ಚರ್ಮ ಕಪ್ಪಾಗಿ, ಕಲಿತದ್ದನ್ನೂ ಮರೆಯುತ್ತಿದ್ದವು, ಬಿ12 ಕೊಟ್ಟೊಡನೆ ಚೇತರಿಸಿಕೊಳ್ಳುತ್ತಿದ್ದವು. ತಾಯಿಗೆ ನಾಲಿಗೆ ಉರಿ, ಜೋಮು ಏನೂ ಇಲ್ಲದೆಯೂ ಮಗುವಿಗೆ ಹೀಗಾಗಬಹುದು. ಸಸ್ಯಾಹಾರಿ ಮನೆಯ ಬಸುರಿ ಬಾಣಂತಿಯರ ಬಿ12 ನೋಡಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಗೊತ್ತಿಲ್ಲ.

ರಕ್ತ ಪರೀಕ್ಷೆಯ ಕಾಗದ ಕೈಗೆ ಬಂದಾಗ ಮನೆಯವರಿಗೆ ಗೊಂದಲವಾಯಿತು. ಹಿಮೋಗ್ಲೋಬಿನ್ 11.4. ಚೂರು ಕಡಿಮೆ, ಗಾಬರಿ ಬೀಳುವಷ್ಟಲ್ಲ. ಬಿ12 ಕೊರತೆಯಲ್ಲಿ ಕೆಂಪು ರಕ್ತಕಣ ದೊಡ್ಡದಾಗುತ್ತದೆ, ಕಣದ ಗಾತ್ರ ಹೇಳುವ ಎಂಸಿವಿ ಎಂಬ ಅಂಕಿ 100 ದಾಟುತ್ತದೆ ಎಂದು ಪುಸ್ತಕದಲ್ಲಿ ಇರುತ್ತದೆ. ಇವರದ್ದು 96, ಪೂರಾ ಸಹಜ. ರಕ್ತ ಚೆನ್ನಾಗಿಯೇ ಇದೆಯಲ್ಲ ಎಂದು ಇಲ್ಲಿಗೇ ಬಿಟ್ಟುಬಿಡುವವರು ಬಹಳ.

ಆದರೆ ನಮ್ಮ ಊಟದಲ್ಲಿ ಎರಡು ಮುಸುಕುಗಳಿವೆ. ಒಂದು ಕಬ್ಬಿಣದ ಕೊರತೆ. ಅದು ರಕ್ತಕಣವನ್ನು ಸಣ್ಣದು ಮಾಡುತ್ತದೆ. ಒಂದು ದೊಡ್ಡದು ಮಾಡಲು ಹೊರಟಿದೆ, ಇನ್ನೊಂದು ಸಣ್ಣದು, ಸರಾಸರಿ ತೆಗೆದರೆ ಸಹಜವೆಂದೇ ಬರುತ್ತದೆ. ಎರಡನೆಯದು ಫೋಲಿಕ್ ಆಮ್ಲ. ಸೊಪ್ಪು, ಬೇಳೆ, ಕಾಳು ಧಾರಾಳವಾಗಿ ತಿನ್ನುವವರಿಗೆ ಅದು ಸಾಕಷ್ಟು ಸಿಗುತ್ತದೆ, ಬಿ ಕಾಂಪ್ಲೆಕ್ಸ್ ಮಾತ್ರೆ ಟಾನಿಕ್ಕುಗಳಲ್ಲೂ ಇರುತ್ತದೆ. ಫೋಲಿಕ್ ಆಮ್ಲ ಹೇರಳವಾಗಿದ್ದರೆ ಬಿ12 ಇಲ್ಲದೆಯೂ ರಕ್ತದ ಕೆಲಸ ಒಂದಷ್ಟು ದಿನ ಸಾಗಿಹೋಗುತ್ತದೆ. ನರದ ಕೆಲಸ ಸಾಗುವುದಿಲ್ಲ, ಅಲ್ಲಿ ಬಿ12ಗೆ ಬದಲಿ ಇಲ್ಲ. 1940ರ ದಶಕದ ಕೊನೆಯಲ್ಲಿ ಬರೀ ಫೋಲಿಕ್ ಆಮ್ಲ ಕೊಟ್ಟು ಈ ಬಗೆಯ ರಕ್ತಹೀನತೆ ಗುಣಪಡಿಸಲು ಹೊರಟಾಗ ಆದದ್ದು ಇದೇ: ರಕ್ತ ಸರಿಹೋಯಿತು, ಕಾಲು ಬಿದ್ದುಹೋಯಿತು. ದೊಡ್ಡಮ್ಮನಿಗೆ ಹತ್ತು ದಿನದ ಬಿ ಕಾಂಪ್ಲೆಕ್ಸಿನಲ್ಲಿ ನಾಲಿಗೆಗೆ ಚೂರು ಆರಾಮ ಸಿಕ್ಕಿ ಕಾಲಿನ ಜೋಮು ಹಾಗೇ ಉಳಿದದ್ದು ಯಾಕೆಂದು ನನಗೆ ಆಗ ಅರ್ಥವಾಯಿತು. ಆದ್ದರಿಂದ ರಕ್ತ ಕಡಿಮೆಯಾಗುವವರೆಗೆ ಕಾಯಬಾರದು. ನಾಲಿಗೆಯೂ ಕಾಲೂ ಹೇಳುತ್ತಿರುವಾಗ ಹಿಮೋಗ್ಲೋಬಿನ್ ಸುಮ್ಮನಿರಬಹುದು.

ಕೊನೆಯ ಸಾಲಿನಲ್ಲಿ ಬಿ12 ಇತ್ತು: ಒಂದು ಮಿಲಿಲೀಟರಿಗೆ 112 ಪಿಕೋಗ್ರಾಂ. ಸಾಮಾನ್ಯವಾಗಿ 200ಕ್ಕಿಂತ ಕೆಳಗಿದ್ದರೆ ಕೊರತೆ ಎಂದು ಹಿಡಿಯುತ್ತಾರೆ. 200ರಿಂದ 300ರ ನಡುವೆ ಇದ್ದರೆ ಅದು ಗಡಿಯ ಜಾಗ. ಅಂಥವರಿಗೆ ಹೋಮೋಸಿಸ್ಟೀನ್ ಅಥವಾ ಮೀಥೈಲ್‌ಮೆಲೋನಿಕ್ ಆಮ್ಲದ ಪರೀಕ್ಷೆ ಮಾಡಿದರೆ ಮೈಯೊಳಗೆ ನಿಜಕ್ಕೂ ಕೊರತೆ ಇದೆಯೇ ಎಂದು ತಿಳಿಯುತ್ತದೆ, ಬಿ12 ಸಾಲದಿದ್ದರೆ ಇವೆರಡೂ ಏರುತ್ತವೆ. ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ರಕ್ತ ಕೊಡುವುದು ಮೊದಲು, ಇಂಜೆಕ್ಷನ್ ಆಮೇಲೆ. ಸುಸ್ತು ಎಂದು ಒಂದು ಬಿ12 ಇಂಜೆಕ್ಷನ್ ಚುಚ್ಚಿಸಿಕೊಂಡು ಮರುವಾರ ಪರೀಕ್ಷೆಗೆ ಹೋದರೆ ಅಂಕಿ ಸಾವಿರ ತೋರಿಸಬಹುದು. ಅದು ಇಂಜೆಕ್ಷನ್ನಿನ ಅಂಕಿ, ನಿಮ್ಮದಲ್ಲ.

ಇದು ಒಬ್ಬ ದೊಡ್ಡಮ್ಮನ ಕಥೆಯಲ್ಲ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಯಾಜ್ಞಿಕ್ ತಂಡ ಆ ಊರು ಮತ್ತು ಸುತ್ತಲಿನ ಹಳ್ಳಿಗಳ ನಡುವಯಸ್ಸಿನ ಗಂಡಸರ ರಕ್ತ ನೋಡಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರರಲ್ಲಿ ಎರಡು ಪಾಲು ಜನರಿಗೆ ಬಿ12 ಕಡಿಮೆ ಇತ್ತು. ಹೊರಗಿನಿಂದ ನೋಡಿದರೆ ಅವರೆಲ್ಲ ಓಡಾಡಿಕೊಂಡಿದ್ದವರೇ. ಇಂಗ್ಲೆಂಡಿನಲ್ಲಿ 1944ರಲ್ಲಿ ಹಾಲನ್ನೂ ಬಿಟ್ಟವರ ವೀಗನ್ ಸಂಘ ಶುರುವಾಯಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅಂಥವರಲ್ಲಿ ಕೆಲವರಿಗೆ ನಾಲಿಗೆ ನೋವು, ಕೈಕಾಲು ಜುಮುಗುಡುವುದು ಕಾಣಿಸಿತು, ವೋಕ್ಸ್ ಮತ್ತು ಜೊತೆಯವರು 1955ರಲ್ಲಿ ಅದನ್ನು ದಾಖಲಿಸಿದರು. ಈಗ ಬೆಂಗಳೂರಿನಲ್ಲಿ ಪ್ರಾಣಿದಯೆಯಿಂದ ಹಾಲು ಬಿಡುವ ಹುಡುಗ ಹುಡುಗಿಯರನ್ನು ನಾನು ಬಲ್ಲೆ. ಅವರ ನಿಲುವಿನ ಬಗ್ಗೆ ನನಗೆ ಗೌರವವಿದೆ. ಆದರೆ ಹಾಲು ಬಿಟ್ಟ ದಿನವೇ ಮಾತ್ರೆ ಶುರುವಾಗಬೇಕು, ನಾಲಿಗೆ ಉರಿದ ದಿನವಲ್ಲ. ಸ್ಪಿರುಲಿನಾದಲ್ಲಿ ಬಿ12 ಇದೆ ಎಂದು ಡಬ್ಬಿಯ ಮೇಲೆ ಬರೆದಿದ್ದನ್ನು ನಂಬಬೇಡಿ. ಅದರಲ್ಲಿರುವುದರ ಬಹುಪಾಲು ಬಿ12ನಂತೆ ಕಾಣುವ ಇನ್ನೊಂದು ವಸ್ತು, ನಮ್ಮ ಮೈಗೆ ಅದು ಕೆಲಸಕ್ಕೆ ಬಾರದು. ಇಡ್ಲಿ ಹಿಟ್ಟು ಹುಳಿ ಬರುವುದರಿಂದ ಬಿ12 ಹುಟ್ಟುತ್ತದೆ ಎಂದು ನೆಚ್ಚಿಕೊಳ್ಳುವುದೂ ಬೇಡ.

ಇಂಜೆಕ್ಷನ್ ಎಂದಾಗ ದೊಡ್ಡಮ್ಮ ಕೈ ಹಿಂದಕ್ಕೆಳೆದುಕೊಂಡರು. "ಡಾಕ್ಟ್ರೇ, ಇದು ಮಾಂಸದಿಂದ ಮಾಡಿದ್ದಾ?" ಆ ಪ್ರಶ್ನೆಗೆ ಹಿನ್ನೆಲೆ ಇದೆ. ಅವರ ಅಮ್ಮನ ಕಾಲದಲ್ಲಿ ರಕ್ತ ಕಡಿಮೆಯಾದವರಿಗೆ ಲಿವರ್ ಎಕ್ಸ್‌ಟ್ರಾಕ್ಟ್ ಇಂಜೆಕ್ಷನ್ ಕೊಡುತ್ತಿದ್ದರು. 1926ರಲ್ಲಿ ಅಮೆರಿಕದ ಮೈನಾಟ್ ಮತ್ತು ಮರ್ಫಿ ದಿನವೂ ಬಹಳಷ್ಟು ಲಿವರ್ ತಿನ್ನಿಸಿ, ಆವರೆಗೆ ಕೊಲ್ಲುತ್ತಿದ್ದ ರಕ್ತಹೀನತೆಯನ್ನು ಗುಣಪಡಿಸಿದ್ದರು. ಅದಕ್ಕಾಗಿ ವಿಪಲ್ ಜೊತೆ 1934ರಲ್ಲಿ ನೊಬೆಲ್ ಪಡೆದರು. ಆ ಲಿವರಿನೊಳಗಿನ ಗುಣ ಯಾವುದೆಂದು ತಿಳಿದದ್ದು 1948ರಲ್ಲಿ, ಕೆಂಪು ಹರಳಿನ ರೂಪದಲ್ಲಿ ಬಿ12 ಕೈಗೆ ಸಿಕ್ಕಾಗ. ಈಗ ಕಾರ್ಖಾನೆಯಲ್ಲಿ ದೊಡ್ಡ ತೊಟ್ಟಿಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಅವುಗಳಿಂದಲೇ ತೆಗೆಯುತ್ತಾರೆ, ಹಸುವಿನ ಹೊಟ್ಟೆಯಲ್ಲಿ ನಡೆಯುವ ಕೆಲಸವೇ. ವೈದ್ಯರು ಇದನ್ನೆಲ್ಲ ಅವರಿಗೆ ಸಮಾಧಾನದಿಂದ ಹೇಳಿದರು. ಕ್ಯಾಪ್ಸೂಲಿನ ಹೊದಿಕೆ ಜಿಲಾಟಿನ್ನಿನದ್ದಾಗಿರಬಹುದು, ಅದು ಪ್ರಾಣಿಮೂಲದ್ದು, ಬೇಡವಾದರೆ ಮಾತ್ರೆಯನ್ನೇ ಕೇಳಿ ಪಡೆಯಿರಿ ಎಂದೂ ಹೇಳಿದರು. ಆಮೇಲೆ ಆಂಪ್ಯೂಲನ್ನು ಬೆಳಕಿಗೆ ಹಿಡಿದು ತೋರಿಸಿದರು. ಕುಂಕುಮ ಕದಡಿದ ನೀರಿನ ಬಣ್ಣ. ನಡುವೆ ಕೂತ ಆ ಕೋಬಾಲ್ಟಿನ ದೆಸೆಯಿಂದ ಬಂದ ಕೆಂಪು. ದೊಡ್ಡಮ್ಮ ಕೈ ಕೊಟ್ಟರು.

ನರಕ್ಕೆ ತಾಗಿದ್ದರಿಂದ ಅವರಿಗೆ 1000 ಮೈಕ್ರೋಗ್ರಾಂನ ಇಂಜೆಕ್ಷನ್ ದಿನ ಬಿಟ್ಟು ದಿನ ಎರಡು ವಾರ, ಆಮೇಲೆ ವಾರಕ್ಕೊಂದು, ನಂತರ ತಿಂಗಳಿಗೊಂದು ಎಂದು ಬರೆದರು. ಬರೀ ನಾಲಿಗೆ ಉರಿ, ಸುಸ್ತು ಇದ್ದವರಿಗೆ, ಕೊರತೆ ಊಟದಿಂದಲೇ ಬಂದದ್ದಾದರೆ, ಮಾತ್ರೆಯೇ ಸಾಕಾಗುತ್ತದೆ. ಮಾತ್ರೆ ಸಾವಿರ ಮೈಕ್ರೋಗ್ರಾಂನದ್ದು ಯಾಕೆ, ಬೇಕಾದದ್ದು ಎರಡೇ ಅಲ್ಲವೇ ಎಂದು ಕೇಳಬಹುದು. ಕರುಳಿನ ಬಾಗಿಲು ಒಂದು ಹೊತ್ತಿಗೆ ಎರಡು ಮೈಕ್ರೋಗ್ರಾಂಗಿಂತ ಹೆಚ್ಚು ಒಳಬಿಡುವುದಿಲ್ಲ ಎಂದೆನಲ್ಲ. ಉಳಿದದ್ದರಲ್ಲಿ ನೂರಕ್ಕೆ ಒಂದು ಪಾಲು ಬಾಗಿಲಿಲ್ಲದೆ, ಗೋಡೆಯಲ್ಲೇ ಜಿನುಗಿ ಒಳಗೆ ಬರುತ್ತದೆ. ಸಾವಿರದಲ್ಲಿ ಹತ್ತು. ಮೆಟ್‌ಫಾರ್ಮಿನ್ ಬಾಗಿಲನ್ನು ಅರೆಮುಚ್ಚಿದವರಿಗೂ, ಜಠರದ ಪ್ರೋಟೀನು ಸ್ರವಿಸದ ಕಾಯಿಲೆಯವರಿಗೂ ಆ ಜಿನುಗೇ ಆಸರೆ. ಕೊರತೆ ತುಂಬಿದ ಮೇಲೆ ಕಾಯ್ದುಕೊಳ್ಳಲು ಹಾಲು ಬಿಟ್ಟವರು ದಿನಕ್ಕೆ 10 ಮೈಕ್ರೋಗ್ರಾಂ ಅಥವಾ ವಾರಕ್ಕೆ 2000 ಎಂಬುದು ಬ್ರಿಟನ್ನಿನ ವೀಗನ್ ಸಂಘ ಕೊಡುವ ಲೆಕ್ಕ. ಹಾಲು ಮೊಸರು ಧಾರಾಳವಾಗಿ ತಿಂದೂ ಬಿ12 ಇಳಿದವರು ಮಾತ್ರ ಊಟವನ್ನು ದೂರುತ್ತಾ ಕೂರಬಾರದು. ಅಂಥವರಲ್ಲಿ ಜಠರದ್ದೋ ಕರುಳಿನದ್ದೋ ತೊಂದರೆ ಇರಬಹುದು, ಅದನ್ನು ವೈದ್ಯರು ಹುಡುಕಬೇಕು.

ಹಸಿವು ಮೊದಲು ಬಂತು. ಮೂರನೆಯ ಇಂಜೆಕ್ಷನ್ನಿನ ದಿನ ದೊಡ್ಡಮ್ಮ ತಾವಾಗಿಯೇ ದೋಸೆ ಇನ್ನೊಂದು ಹಾಕು ಅಂದರು. ನಾಲಿಗೆಯ ಉರಿ ಹತ್ತು ಹನ್ನೆರಡು ದಿನಕ್ಕೆ ಇಳಿಯಿತು, ಮೂರು ವಾರಕ್ಕೆ ಅಂಚಿನಲ್ಲಿ ಮೊಗ್ಗುಗಳು ಎದ್ದವು. ಅಡಿಕೆಯ ಚೊಗರು ಅಂದುಕೊಂಡಿದ್ದ ಗಿಣ್ಣಿನ ಕಪ್ಪು ಮೂರು ತಿಂಗಳಲ್ಲಿ ತಿಳಿಯಾಯಿತು. ಮನೆಯ ಉಳಿದವರ ರಕ್ತವನ್ನೂ ನೋಡಿಸಿದೆವು, ಒಂದೇ ಪಾತ್ರೆಯ ಊಟ ಉಂಡವರಲ್ಲವೇ. ದೊಡ್ಡಪ್ಪನದು 160, ಅವರಿಗೆ ಯಾವ ತೊಂದರೆಯೂ ಇರಲಿಲ್ಲ. ಈಗ ಅವರೂ ಮಾತ್ರೆ ನುಂಗುತ್ತಾರೆ.

ಕಾಲು ನಿಧಾನ. ಜುಮುಗುಡುವುದು ನಾಲ್ಕನೆಯ ತಿಂಗಳಿಗೆ ತಗ್ಗತೊಡಗಿತು. ಕಣ್ಣು ಮುಚ್ಚಿ ನಿಲ್ಲುವುದು ಬಂತು, ಬಚ್ಚಲಲ್ಲಿ ಗೋಡೆ ಹಿಡಿಯುವುದು ನಿಂತಿತು. ಜೋಮು ಬಂದು ಎಷ್ಟು ಕಾಲ ಕಳೆದಿದೆ ಎನ್ನುವುದರ ಮೇಲೆ ಎಷ್ಟು ಮರಳುತ್ತದೆ ಎನ್ನುವುದು ನಿಂತಿರುತ್ತದೆ ಎಂದು ವೈದ್ಯರು ಮೊದಲೇ ಹೇಳಿದ್ದರು. ಮೊದಲ ಆರು ತಿಂಗಳಲ್ಲಿ ಆದಷ್ಟೇ ಮುಖ್ಯ ಚೇತರಿಕೆ, ಆಮೇಲಿನದು ಅಷ್ಟಿಷ್ಟು. ನಾವು ಕಳೆದ ಆ ಏಳು ತಿಂಗಳನ್ನು ಯಾರೂ ವಾಪಸ್ ಕೊಡುವಂತಿರಲಿಲ್ಲ.

ಆರನೆಯ ತಿಂಗಳಿಗೆ ಹೋದಾಗ ವೈದ್ಯರು ಮತ್ತೆ ಆ ಉಕ್ಕಿನ ಕಡ್ಡಿ ತಟ್ಟಿದರು. ಹರಡಿನ ಮೂಳೆಗೆ ಇಟ್ಟಾಗ ದೊಡ್ಡಮ್ಮನ ಮುಖ ಅರಳಿತು, "ಗುಂಯ್ ಅಂತದೆ!" ಹೆಬ್ಬೆರಳಿಗೆ ಇಟ್ಟರು. ಅವರು ಬಹಳ ಹೊತ್ತು ಕಣ್ಣು ಮುಚ್ಚಿ ಕಾದರು. ಆಮೇಲೆ ಮೆಲ್ಲಗೆ, "ತಣ್ಣಗಿದೆ" ಅಂದರು.